ಇವತ್ತು ಹುರಿದ ಕಾಫಿ ಬೀಜ ಇವತ್ತಿಗೆ ಬೇಡ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಅಡಿಕೆ ಮರದ ನೆರಳಿಗೆ ಕಾಫಿ ಗಿಡ ಬಂದ ಮೇಲೆ ನಮ್ಮವರಿಗೆ ಹುರಿಯುವ ಹುಮ್ಮಸ್ಸೂ ಬಂದಿದೆ. ಕೆಲವರು ಬಾಣಲೆಯಲ್ಲೇ ಹುರಿದುಕೊಳ್ಳುತ್ತಾರೆ, ಉಳಿದವರು ಹುರಿದು ಮಾರುವವರ ಬಳಿ ಹೋಗುತ್ತಾರೆ. ಎರಡು ಕಡೆಯೂ ಒಂದೇ ಹೆಮ್ಮೆ: "ಈಗಷ್ಟೇ ಹುರಿದದ್ದು, ಇನ್ನೂ ಬಿಸಿ ಆರಿಲ್ಲ." ಈ ಮಾತು ಕೇಳಿದರೆ ನನಗೆ ಪೊಟ್ಟಣ ತೆಗೆದುಕೊಳ್ಳುವ ಉತ್ಸಾಹವೇ ಇಳಿದುಹೋಗುತ್ತದೆ. ತೆಗೆದುಕೊಂಡರೂ ಅದನ್ನು ಅಟ್ಟದ ಮೇಲಿಟ್ಟು ನಾಲ್ಕೈದು ದಿನ ಮರೆತುಬಿಡುವುದು ಲೇಸು.

ಹೊಸ ಬೀಜದ ಪರಿಮಳ ಮನೆ ತುಂಬುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೋಟಕ್ಕೆ ಇಳಿದ ಕಾಫಿ ಸಪ್ಪೆ. ಸಪ್ಪೆಯ ಮೇಲೆ ಸ್ವಲ್ಪ ಹೊಗೆಯ ವಾಸನೆ, ನಾಲಿಗೆಯ ಅಂಚಿಗೆ ಒಂದು ಚುರುಕು ಹುಳಿ, ನಡುವೆ ಏನೂ ಇಲ್ಲ. ಇದಕ್ಕೆ ಬೀಜದ ಜಾತಿಯನ್ನೋ ಹುರಿದವರ ಕೈಯನ್ನೋ ಬೈಯುವ ಮೊದಲು ಬೀಜದೊಳಗೆ ಇನ್ನೂ ಕುಳಿತಿರುವ ಗಾಳಿಯನ್ನು ವಿಚಾರಿಸಿಕೊಳ್ಳಬೇಕು.

ಬೀಜ ಹುರಿಯುವಾಗ ಅದರೊಳಗಿನ ಸಕ್ಕರೆ, ಪ್ರೋಟೀನ್ ಮತ್ತು ಆಮ್ಲಗಳು ಒಡೆದು ಬಣ್ಣ, ಪರಿಮಳಗಳ ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಹುಟ್ಟಿಸುತ್ತವೆ. ಸೋಡಾ ಬಾಟಲಿಯಲ್ಲಿರುವುದೂ ಇದೇ ಅನಿಲ. ಒಂದಷ್ಟು ಹುರಿಯುವಾಗಲೇ ಹೋಗುತ್ತದೆ. ಉಳಿದದ್ದು ಬೀಜದ ಸೂಕ್ಷ್ಮ ರಂಧ್ರಗಳಲ್ಲಿ ಒತ್ತಡದಲ್ಲಿ ಸಿಕ್ಕಿಕೊಳ್ಳುತ್ತದೆ. ಅದು ಎಷ್ಟಿರಬಹುದು? ಬೀಜದ ತೂಕದ ಶೇಕಡಾ 1ರ ಆಸುಪಾಸು ಎಂದಿಟ್ಟುಕೊಳ್ಳಿ, ಕಪ್ಪಗೆ ಹುರಿದದ್ದರಲ್ಲಿ ಇನ್ನೂ ಹೆಚ್ಚು. ಕಾಲು ಕಿಲೋ ಬೀಜಕ್ಕೆ ಇದು ಎರಡೂವರೆ ಗ್ರಾಂ. ಕೇಳಲು ಏನೂ ಅಲ್ಲ ಎನಿಸುತ್ತದೆ. ಆದರೆ ಎರಡೂವರೆ ಗ್ರಾಂ ಅನಿಲ ಹೊರಗೆ ಬಂದರೆ ಒಂದು ಲೀಟರಿನ ಬಾಟಲಿ ತುಂಬಿ ಇನ್ನೂ ಮಿಗುತ್ತದೆ. ನಂಬಿಕೆಯಾಗದಿದ್ದರೆ ಆರಿದ ಹೊಸ ಬೀಜವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿಯನ್ನೆಲ್ಲ ಒತ್ತಿ ತೆಗೆದು ಮುಚ್ಚಿಡಿ. ಬೆಳಗಾಗುವಷ್ಟರಲ್ಲಿ ಚೀಲ ಉಬ್ಬಿರುತ್ತದೆ. ಕಾಫಿ ಪೊಟ್ಟಣದ ಮೇಲಿನ ಪುಟ್ಟ ಗುಂಡಿ ವಾಸನೆ ನೋಡಲಿಕ್ಕೆಂದು ಹಲವರು ತಿಳಿದಿದ್ದಾರೆ. ಅದು ಅನಿಲವನ್ನು ಹೊರಗೆ ಬಿಟ್ಟು ಹೊರಗಿನ ಗಾಳಿಯನ್ನು ಒಳಗೆ ಬಿಡದ ಕವಾಟ. ಅದಿಲ್ಲದ ಬಿಗಿ ಪೊಟ್ಟಣಕ್ಕೆ ಹೊಸ ಬೀಜ ತುಂಬಿದರೆ ಹೊಲಿಗೆ ಬಿಟ್ಟೀತು.

ಇನ್ನು ಈ ಅನಿಲ ರುಚಿಗೆ ಅಡ್ಡಬರುವ ಬಗೆ. ಪುಡಿಯ ಮೇಲೆ ಬಿಸಿನೀರು ಬಿದ್ದ ಕೂಡಲೇ ಒಳಗಿದ್ದ ಅನಿಲ ಒಮ್ಮೆಲೇ ಹೊರಗೆ ನುಗ್ಗುತ್ತದೆ. ರುಚಿ ಕರಗಬೇಕಾದರೆ ನೀರು ಪ್ರತಿ ಕಣದ ಒಳಗೂ ಹೋಗಬೇಕು. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವವರು ಇಳಿಯುವ ಮೊದಲೇ ಹತ್ತುವವರು ಬಾಗಿಲಿಗೆ ಮುಗಿಬಿದ್ದರೆ ಏನಾಗುತ್ತದೋ ಇಲ್ಲೂ ಅದೇ. ನೀರಿಗೆ ಒಳಗೆ ಜಾಗವಿಲ್ಲ, ಕಣದ ಮೈ ಸವರಿಕೊಂಡು ಕೆಳಗೆ ಇಳಿದುಬಿಡುತ್ತದೆ. ಮೊದಲು ಕರಗುವ ಹುಳಿ ಬರುತ್ತದೆ, ನಿಧಾನವಾಗಿ ಕರಗುವ ಸಿಹಿ ಮತ್ತು ಗಾಢತೆ ಗಸಿಯಲ್ಲೇ ಉಳಿಯುತ್ತವೆ. ನೀರಿನಲ್ಲಿ ಕರಗಿದ ಅನಿಲವೂ ತನ್ನ ಪಾಲಿನ ಚುರುಕು ಸೇರಿಸುತ್ತದೆ.

ನಮ್ಮ ಸ್ಟೀಲ್ ಫಿಲ್ಟರಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೇಲಿನ ಪಾತ್ರೆಗೆ 30 ಗ್ರಾಂ ಹೊಸ ಪುಡಿ ಹಾಕಿ, ಬಿಲ್ಲೆಯಿಟ್ಟು, ಕುದಿ ಇಳಿದ ನೀರು ಸುರಿಯಿರಿ. ಕಂದು ನೊರೆ ಬುಸುಗುಟ್ಟುತ್ತ ಮೇಲೇರುತ್ತದೆ, ಪುಡಿ ಉಬ್ಬಿ ಬಿಲ್ಲೆಯನ್ನು ಒಂದು ಪಕ್ಕಕ್ಕೆ ಎತ್ತಿಬಿಡುತ್ತದೆ. ಎತ್ತಿದ ಕಡೆ ಸಂದು ಬಿದ್ದರೆ ನೀರಿಗೆ ಅದೇ ಹೆದ್ದಾರಿ. ಕೆಳಗೆ ಡಿಕಾಕ್ಷನ್ ಬೇಗ ಇಳಿದು ಬೇಗ ಮುಗಿಯುತ್ತದೆ. ಗಸಿಯನ್ನು ಚಮಚದಲ್ಲಿ ಕೆದಕಿದರೆ ಕೆಲವು ಕಡೆ ಗಂಟುಗಂಟಾಗಿ ಒಣಗಿದಂತೆಯೇ ಇರುತ್ತದೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಾರವಾರದಲ್ಲಿರುವ ನನ್ನ ತಂಗಿ ಒಮ್ಮೆ ಫೋನು ಮಾಡಿ, "ಅಣ್ಣ, ನೀನು ಕಳುಹಿಸಿದ ಪುಡಿ ಬಣ್ಣ ಬಿಡುತ್ತದೆ, ರುಚಿ ಬಿಡುವುದಿಲ್ಲ" ಎಂದಳು. ದೂರು ಸರಿಯಾಗಿಯೇ ಇತ್ತು. ಅದರಲ್ಲಿ ಚಿಕೋರಿ ಬೆರೆತಿತ್ತು. ಚಿಕೋರಿ ನೀರಿಗೆ ಬೇಗ ಕರಗುವ ವಸ್ತು. ಕಾಫಿ ಅರ್ಧಂಬರ್ಧ ಇಳಿದಿದ್ದರೂ ಡಿಕಾಕ್ಷನ್ನನ್ನು ಕಪ್ಪಗೆ ಮಾಡಿ ತೋರಿಸುತ್ತದೆ. ಬಣ್ಣ ನೋಡಿ ಡಿಕಾಕ್ಷನ್ ಗಟ್ಟಿಯಿದೆ ಎನ್ನುವವರು ಮೋಸಹೋಗುವುದು ಇಲ್ಲೇ. ಹಾಲು, ಸಕ್ಕರೆ ಬಿದ್ದ ಮೇಲಂತೂ ಯಾರು ತಪ್ಪಿತಸ್ಥರೆಂದು ಪತ್ತೆಹಚ್ಚುವುದು ಕಷ್ಟ.

ಹಾಗಾದರೆ ಎಷ್ಟು ದಿನ ಕಾಯಬೇಕು? ಫಿಲ್ಟರ್ ಕಾಫಿಗೆ ನಾವು ಬಳಸುವ ಕಪ್ಪಗೆ ಹುರಿದ ಬೀಜಕ್ಕೆ ಮೂರರಿಂದ ಐದು ದಿನ ಸಾಕು. ಹೆಚ್ಚು ಹುರಿದಷ್ಟೂ ಬೀಜದ ಒಳಗೋಡೆಗಳು ಸಡಿಲವಾಗುವುದರಿಂದ ಅನಿಲ ಬೇಗ ಹೊರಬೀಳುತ್ತದೆ. ಮಧ್ಯಮ ಹದಕ್ಕೆ ಒಂದು ವಾರ. ತಿಳಿಯಾಗಿ ಹುರಿದದ್ದು ಗಟ್ಟಿ, ಅದಕ್ಕೆ ಹತ್ತು ದಿನ ಕೊಟ್ಟರೂ ನಷ್ಟವಿಲ್ಲ. ಎಸ್ಪ್ರೆಸೊ ಯಂತ್ರ ಇಟ್ಟುಕೊಂಡವರು ಇನ್ನೂ ಒಂದಷ್ಟು ದಿನ ತಾಳಬೇಕು. ಅರ್ಧ ನಿಮಿಷದಲ್ಲಿ ಮುಗಿಯುವ ಆ ಕೆಲಸದಲ್ಲಿ ಅನಿಲದ ತಕರಾರು ಇನ್ನೂ ಜೋರು.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಈ ಕಾಯುವಿಕೆ ಬೀಜಕ್ಕೆ, ಪುಡಿಗಲ್ಲ. ಬೀಸಿದೊಡನೆ ರಂಧ್ರಗಳೆಲ್ಲ ತೆರೆದು ಅನಿಲದ ದೊಡ್ಡ ಪಾಲು ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ, ಅದರ ಹಿಂದೆಯೇ ಪರಿಮಳವೂ. ಹುರಿದ ದಿನವೇ ಬೀಸಿ ತಂದ ಪುಡಿಯನ್ನು ವಾರಗಟ್ಟಲೆ 'ಪಕ್ವವಾಗಲಿ' ಎಂದು ಇಟ್ಟರೆ ಕೊನೆಗೆ ಸಿಗುವುದು ಮರದ ಹೊಟ್ಟು. ಅಂಥ ಪುಡಿಗೆ ಒಂದು ರಾತ್ರಿ ಕಾದರೆ ಸಾಕು.

ನೆಂಟರು ಬಂದಿದ್ದಾರೆ, ಮನೆಯಲ್ಲಿ ಇರುವುದು ನಿನ್ನೆ ಹುರಿದ ಬೀಜ ಮಾತ್ರ ಎಂದಾದರೆ ಬೀಸಿ, ಇಪ್ಪತ್ತು ನಿಮಿಷ ತಟ್ಟೆಯಲ್ಲಿ ಹರಡಿ ಬಿಡಿ. ಪರಿಮಳ ಸ್ವಲ್ಪ ಹೋಗಲಿ. ಆಮೇಲೆ ಬಿಲ್ಲೆ ಇಡದೆ, 30 ಗ್ರಾಂ ಪುಡಿಗೆ 60 ಮಿಲಿಲೀಟರಿನಷ್ಟು ಬಿಸಿನೀರು ಮಾತ್ರ ಹಾಕಿ, ಚಮಚದಲ್ಲಿ ಮೆಲ್ಲಗೆ ಕಲಸಿ ಒಂದು ನಿಮಿಷ ಬಿಡಿ. ನೊರೆ ಕುಗ್ಗಿದ ಮೇಲೆ ಬಿಲ್ಲೆಯಿಟ್ಟು ಉಳಿದ ನೀರು ಸುರಿಯಿರಿ. ವಾರ ಕಾದಷ್ಟು ಚೆನ್ನಾಗಿ ಬರುವುದಿಲ್ಲ, ಆದರೆ ನೆಂಟರ ಮುಂದೆ ಮರ್ಯಾದೆ ಉಳಿಯುತ್ತದೆ.

ಕರಾವಳಿಯವರಿಗೆ ಇನ್ನೊಂದು ತೊಡಕಿದೆ. ಅನಿಲ ಎಷ್ಟು ಹೋಯಿತೆಂದು ನೋಡಲು ಬೀಜವನ್ನು ದಿನವೂ ತೂಗುವವರಿದ್ದಾರೆ. ಮಳೆಗಾಲದ ಕಾರವಾರದಲ್ಲಿ, ಅಂಕೋಲೆಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಹುರಿದ ಬೀಜದಲ್ಲಿ ನೀರಿನಂಶ ತೀರಾ ಕಡಿಮೆ; ತೆರೆದ ಪಾತ್ರೆಯಲ್ಲಿಟ್ಟರೆ ಒಂದು ಕಡೆ ಅನಿಲ ಬಿಡುತ್ತ ಇನ್ನೊಂದು ಕಡೆ ತೇವ ಹೀರುತ್ತದೆ. ತೂಕ ಇಳಿಯುವ ಬದಲು ಏರಬಹುದು, ಕಾಫಿಯೂ ಕೆಡುತ್ತದೆ. ಅನಿಲ ಹೋಗಲೆಂದು ಮುಚ್ಚಳ ತೆಗೆದಿಡುವ ಪದ್ಧತಿ ನಮ್ಮ ಕಡೆಗೆ ಸಲ್ಲದು. ಕವಾಟದ ಪೊಟ್ಟಣದಲ್ಲೇ ಇರಲಿ, ಇಲ್ಲವೇ ಡಬ್ಬಿ ತುಂಬಿಸಿ ಮುಚ್ಚಿ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ. ಫ್ರಿಜ್ಜಿನಲ್ಲಿಟ್ಟು ಹೊರತೆಗೆದ ತಣ್ಣನೆಯ ಬೀಜದ ಮೇಲೆ ನಮ್ಮ ಗಾಳಿ ಬೆವರಿನಂತೆ ಕೂರುತ್ತದೆ, ಹಾಗಾಗಿ ಅದೂ ಬೇಡ.

ತಾರೀಕು ಬರೆಯದ ಪೊಟ್ಟಣ ಕೈಗೆ ಬಂದರೆ ನೊರೆಯನ್ನೇ ಕೇಳಿ. ಬೀಸಿದ ಕೂಡಲೇ ಸ್ವಲ್ಪ ನೀರು ಹಾಕಿದಾಗ ಪುಡಿ ರೋಷದಿಂದ ಉಕ್ಕಿ ದೊಡ್ಡ ಗುಳ್ಳೆ ಒಡೆದರೆ ಇನ್ನೂ ಕಾಯಿರಿ. ಸಣ್ಣ ಗುಳ್ಳೆಗಳೊಂದಿಗೆ ಹದವಾಗಿ ಉಬ್ಬಿ ತಾನಾಗಿ ಇಳಿದರೆ ಅವತ್ತೇ ಕುಡಿಯಿರಿ. ಏನೂ ಅಲುಗದೆ ಒದ್ದೆ ಮಣ್ಣಿನಂತೆ ಕುಳಿತರೆ ಆ ಬೀಜ ಅಂಗಡಿಯಲ್ಲೇ ತಿಂಗಳುಗಟ್ಟಲೆ ಕಾದು ಮುಗಿಸಿದೆ, ಅದನ್ನು ಬದಲಾಯಿಸಿ ಕೊಡಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.