ರಾಗಿ ತುಟ್ಟಿಯಾದರೆ ರಾಗಿಯೇ ಹೆಚ್ಚು ಖರ್ಚಾಗುತ್ತದೆಯೇ? – ಪರ, ವಿರೋಧ

ಪರ: ಹೌದು, ಲೆಕ್ಕ ಹಾಗೇ ಹೇಳುತ್ತದೆ

ಚಿತ್ರದುರ್ಗದಲ್ಲಿ ನಮ್ಮ ಮಾವನ ದಿನಸಿ ಅಂಗಡಿಯ ಗಲ್ಲಾದ ಪಕ್ಕ ಕೂತು ಬೆಳೆದವನು ನಾನು. ರಾಗಿ ರೇಟು ಏರಿದ ವರ್ಷ ಕೂಲಿಯವರು ರಾಗಿ ಕಡಿಮೆ ಮಾಡುತ್ತಿರಲಿಲ್ಲ, ಬೇಳೆ ಕಡಿಮೆ ಮಾಡುತ್ತಿದ್ದರು. ಮಾವನಿಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. "ಮುದ್ದೆ ಇದ್ರೆ ಸಾರು ನೀರಾದ್ರೂ ನಡೀತದೆ" ಅನ್ನುತ್ತಿದ್ದರು.

ಒಂದು ಮನೆಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ವಾರಕ್ಕೆ ಕಾಳು-ಕಡ್ಡಿಗೆ ಇರುವುದು 700 ರೂಪಾಯಿ. ಎಲ್ಲರ ಹೊಟ್ಟೆ ತುಂಬಲು ರಾಗಿ, ಬೇಳೆ ಎರಡೂ ಸೇರಿ 14 ಕೆಜಿ ಬೇಕು. ಒಂದು ಕೆಜಿ ರಾಗಿಗೂ ಒಂದು ಕೆಜಿ ಬೇಳೆಗೂ ಸಿಗುವ ಶಕ್ತಿ ಹೆಚ್ಚುಕಮ್ಮಿ ಒಂದೇ, ಹಾಗಾಗಿ ತೂಕವನ್ನೇ ಹಿಡಿಯಬಹುದು. ರಾಗಿ 40, ಬೇಳೆ 120 ಎಂದಿಟ್ಟುಕೊಳ್ಳಿ. 12 ಕಾಲು ಕೆಜಿ ರಾಗಿ, ಒಂದು ಮುಕ್ಕಾಲು ಕೆಜಿ ಬೇಳೆ ತಂದರೆ ದುಡ್ಡೂ ಸರಿ, ಹೊಟ್ಟೆಯೂ ಸರಿ. ರಾಗಿ 45ಕ್ಕೆ ಏರಿತು. ಈಗ ಹಳೇ ಪ್ರಮಾಣ ತಂದರೆ ದುಡ್ಡು ಸಾಲದು. ರಾಗಿಯನ್ನೇ ಕಡಿಮೆ ಮಾಡಿದರೆ ಹಸಿವು ಉಳಿಯುತ್ತದೆ, ಅದರ ಜಾಗ ತುಂಬಲು ಬೇಳೆ ತರೋಣವೆಂದರೆ ಅದು ಇನ್ನೂ ತುಟ್ಟಿ. ಉಳಿದ ದಾರಿ ಒಂದೇ: ಬೇಳೆಯನ್ನು 930 ಗ್ರಾಂಗೆ ಇಳಿಸಿ ರಾಗಿಯನ್ನು 13 ಕೆಜಿ ದಾಟಿಸುವುದು. ಬೆಲೆ ಏರಿದ್ದು ರಾಗಿಯದು, ಹೆಚ್ಚು ಕೊಂಡಿದ್ದೂ ರಾಗಿಯನ್ನೇ.

ಇದು ಕಾಗದದ ಮೇಲಿನ ಆಟ ಮಾತ್ರವಲ್ಲ. 1895ರಲ್ಲಿ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ಇಂಗ್ಲೆಂಡಿನ ಬಡವರ ಬ್ರೆಡ್ಡಿನ ಬಗ್ಗೆ ಇದನ್ನೇ ಬರೆದು, ಗಮನಿಸಿದ ಶ್ರೇಯಸ್ಸನ್ನು ರಾಬರ್ಟ್ ಗಿಫೆನ್‌ಗೆ ಕೊಟ್ಟರು. ಅದಕ್ಕೇ ಇಂಥ ಸರಕಿಗೆ ಗಿಫೆನ್ ಸರಕು ಎಂಬ ಹೆಸರು. ಗಟ್ಟಿ ಪುರಾವೆ ಸಿಕ್ಕಿದ್ದು ನೂರು ವರ್ಷ ಕಳೆದ ಮೇಲೆ, ಚೀನಾದಲ್ಲಿ. ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಜೆನ್‌ಸನ್ ಮತ್ತು ನೋಲನ್ ಮಿಲ್ಲರ್ ಹುನಾನ್ ಪ್ರಾಂತ್ಯದಲ್ಲಿ ಕೆಲವು ಬಡ ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಐದು ತಿಂಗಳು ಅಕ್ಕಿಗೆ ರಿಯಾಯಿತಿ ಕೂಪನ್ ಕೊಟ್ಟರು. ಅಕ್ಕಿ ಅಗ್ಗವಾದಾಗ ಆ ಮನೆಗಳು ಕಡಿಮೆ ಅಕ್ಕಿ ತಿಂದವು. ರಿಯಾಯಿತಿ ನಿಲ್ಲಿಸಿ ಬೆಲೆ ಮತ್ತೆ ಏರಿದಾಗ ಅನ್ನ ಹೆಚ್ಚಾಯಿತು. 2008ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ವಿರೋಧ: ಲೆಕ್ಕ ಸರಿ, ನಮ್ಮೂರಿಗೆ ಹೊಂದುವುದಿಲ್ಲ

ಹುನಾನ್‌ನ ಫಲಿತಾಂಶವನ್ನು ನಾನು ಒಪ್ಪುತ್ತೇನೆ. ಆದರೆ ಅದೇ ಅಧ್ಯಯನದ ಇನ್ನರ್ಧವನ್ನು ಗೆಳೆಯರು ಹೇಳಲಿಲ್ಲ. ಗೋಧಿ ತಿನ್ನುವ ಗಾನ್ಸು ಪ್ರಾಂತ್ಯದಲ್ಲಿ ಪುರಾವೆ ದುರ್ಬಲವಾಗಿತ್ತು. ಹುನಾನ್‌ನಲ್ಲೂ ಬರೀ ಅನ್ನದ ಮೇಲೇ ಬದುಕುವ ತೀರಾ ಬಡವರಲ್ಲಿ ಇದು ಕಾಣಲಿಲ್ಲ. ಕಾರಣ ಅವರ ಲೆಕ್ಕದಲ್ಲೇ ಇದೆ. ರಾಗಿ 50 ಆದಾಗ 700 ರೂಪಾಯಿಗೆ ಸರಿಯಾಗಿ 14 ಕೆಜಿ ರಾಗಿ, ಬೇಳೆ ಸೊನ್ನೆ. 56 ಆದರೆ ಹನ್ನೆರಡೂವರೆ ಕೆಜಿಯೇ ಬರುವುದು. ಬಿಡಲು ಬೇಳೆಯೇ ಉಳಿಯದ ಮನೆಯಲ್ಲಿ ಬೆಲೆ ಏರಿದರೆ ರಾಗಿಯೇ ಇಳಿಯುತ್ತದೆ. ಅಂದರೆ ಈ ವಿಚಿತ್ರ ನಡೆಯುವುದು ಬಡತನದ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ.

ಆ ಪಟ್ಟಿಯೊಳಗೆ ಇರುವವರಿಗೂ ಬೇರೆ ಧಾನ್ಯ ಸಿಗಬಾರದು, ಆಗಷ್ಟೇ ಲೆಕ್ಕ ಕೂಡುತ್ತದೆ. ನಮ್ಮ ಕಡೆ ರಾಗಿಗೆ ಜೋಳವಿದೆ, ಕಾರ್ಡು ಇದ್ದವರಿಗೆ ಪಡಿತರದ ಅಕ್ಕಿ ಇದೆ. ಮುದ್ದೆಯನ್ನು ಬಿಡಲು ಯಾರಿಗೂ ಮನಸ್ಸಿಲ್ಲ, ನಿಜ. ಆದರೆ ರಾಗಿ ಜೋಳಕ್ಕಿಂತ ಹತ್ತು ರೂಪಾಯಿ ಮೇಲೆ ಹೋದರೆ ನಮ್ಮವ್ವನೂ ರೊಟ್ಟಿ ತಟ್ಟುತ್ತಾಳೆ.

ನನ್ನ ದೊಡ್ಡ ತಕರಾರು ಮಾವನ ಅಂಗಡಿಯ ಸಾಕ್ಷಿಯ ಬಗ್ಗೆ. ನಾನು ಹೊಸದುರ್ಗದ ಕಡೆಯ ರಾಗಿ ಬೆಳೆಯುವ ಮನೆಯವಳು. ಮಳೆ ಕೈಕೊಟ್ಟ ವರ್ಷ ರಾಗಿ ಬೆಲೆ ಏರುತ್ತದೆ, ಅದೇ ವರ್ಷ ಕಳೆ-ಕೊಯ್ಲಿನ ಕೂಲಿಯೂ ಇರುವುದಿಲ್ಲ. ಕೂಲಿಯವರು ಬೇಳೆ ಬಿಟ್ಟಿದ್ದು ರಾಗಿ ತುಟ್ಟಿಯಾಗಿದ್ದಕ್ಕೋ, ಕೈಯಲ್ಲಿ ಕಾಸಿಲ್ಲದ್ದಕ್ಕೋ? ಎರಡಕ್ಕೂ ಅಂಗಡಿಯಲ್ಲಿ ಕಾಣುವ ಗುರುತು ಒಂದೇ. ಬೆಲೆ ಇನ್ನೂ ಏರುತ್ತದೆಂಬ ಭಯಕ್ಕೆ ಒಂದು ಮೂಟೆ ಮೊದಲೇ ಹೊತ್ತುಕೊಂಡು ಹೋದವರೂ ಅದೇ ಮಾರಾಟದಲ್ಲಿ ಸೇರಿರುತ್ತಾರೆ. ಇನ್ನು ನಮ್ಮಂಥ ಬೆಳೆಗಾರರಿಗೆ ಮಾರಲು ನಾಲ್ಕು ಚೀಲ ಉಳಿದಿದ್ದರೆ ಏರಿದ ಬೆಲೆಯೇ ಆದಾಯ, ಆಗ ಬೇಳೆಯೂ ಹೆಚ್ಚಬಹುದು.

ಐರ್ಲೆಂಡಿನ ಆಲೂಗಡ್ಡೆಯಲ್ಲೂ ಪಂಡಿತರು ಎಡವಿದ್ದು ಹೀಗೆಯೇ. 1845ರಿಂದ ಶುರುವಾದ ಬರಗಾಲದಲ್ಲಿ ಬೆಲೆ ಏರಿದ ಹಾಗೆ ಜನ ಹೆಚ್ಚು ಆಲೂಗಡ್ಡೆ ಕೊಂಡರೆಂದು ದಶಕಗಳ ಕಾಲ ಪಠ್ಯಗಳಲ್ಲಿ ಕಲಿಸಿದರು. ರೋಗ ಬಿದ್ದು ಬೆಳೆಯೇ ಕೊಳೆತುಹೋಗಿತ್ತು. ಇಲ್ಲದ ಆಲೂಗಡ್ಡೆಯನ್ನು ಇಡೀ ದೇಶ ಹೆಚ್ಚು ತಿನ್ನುವುದು ಹೇಗೆ?

ಅದಕ್ಕೇ ಹುನಾನ್‌ನಲ್ಲಿ ಸಂಶೋಧಕರು ಅಂಗಡಿ ಲೆಕ್ಕವನ್ನು ನಂಬದೆ ಕೂಪನ್ ಹಂಚಿದ್ದು. ಒಂದೇ ಊರು, ಒಂದೇ ಮಳೆ, ಒಂದೇ ಕೂಲಿ. ಕೆಲವರಿಗೆ ಮಾತ್ರ ಅಕ್ಕಿ ಅಗ್ಗ. ಚಿತ್ರದುರ್ಗದಲ್ಲಿ ಕಾರ್ಡಿಲ್ಲದ ಗುಳೆ ಕೂಲಿಗಳ ನಡುವೆ ರಾಗಿಗೆ ಅಂಥ ಕೂಪನ್ ಹಂಚಿ, ಅಗ್ಗವಾದಾಗ ಅವರು ಕಡಿಮೆ ಮುದ್ದೆ ಉಂಡದ್ದನ್ನು ತೋರಿಸಲಿ. ಆಮೇಲೆ ಮಾವನ ಮಾತನ್ನು ನಾನೂ ಒಪ್ಪುತ್ತೇನೆ.