94 ರೂಪಾಯಿ ಉಳಿಸಿದ ಕಥೆ

ಮೊನ್ನೆ ಭಾನುವಾರ ಸಂಜೆ ಮಳೆ. ಬೆಂಗಳೂರಿನ ಮಳೆ ಗೊತ್ತಲ್ಲ, ಬಂದರೆ ರಸ್ತೆಗೂ ರಾಜಕಾಲುವೆಗೂ ವ್ಯತ್ಯಾಸ ಉಳಿಯೋದಿಲ್ಲ. ನನಗೂ ಮನೆಯವಳಿಗೂ ಬೆಣ್ಣೆ ಮಸಾಲೆ ದೋಸೆ ತಿನ್ನೋಣ ಅನ್ನಿಸಿತು. ಹೋಟೆಲ್ ಇರುವುದು ನಮ್ಮ ಬೀದಿ ದಾಟಿ ಒಂದೂವರೆ ಕಿಲೋಮೀಟರ್ ದೂರದಲ್ಲಿ. ಆದ್ರೆ ಮಳೆ, ಸೋಮಾರಿತನ, ಜೇಬಲ್ಲಿ ಫೋನು. ಮೂರೂ ಸೇರಿದ ಮೇಲೆ ಆಗಬೇಕಾದ್ದು ಆಯಿತು.

ದೋಸೆ ಬಂತು, ತಿಂದೆವು. ಆಪ್‌ನವರು ಹಸಿರು ಬಣ್ಣದಲ್ಲಿ, ಪಟಾಕಿ ಸಿಡಿಯುವ ಚಿತ್ರ ಹಾಕಿ, ‘ನೀವು 94 ರೂಪಾಯಿ ಉಳಿಸಿದ್ದೀರಿ’ ಅಂತ ಅಭಿನಂದಿಸಿದರು. ನನಗೂ ಖುಷಿಯಾಯಿತು. ಜೀವನದಲ್ಲಿ ನಾನು ದುಡ್ಡು ಉಳಿಸಿದ್ದನ್ನು ಯಾರಾದರೂ ಗಮನಿಸಿದ್ದು ಅದೇ ಮೊದಲು. ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಗ್ರೂಪಿಗೆ ಹಾಕಿದೆ. ತಪ್ಪು ಮಾಡಿದ್ದು ಅಲ್ಲೇ.

ಗ್ರೂಪಿನಲ್ಲಿ ನಮ್ಮ ಸೋದರಮಾವ ಇದ್ದಾರೆ. ಹಾಸನದಲ್ಲಿ ಕರೆಂಟ್ ಆಫೀಸಿನ ಲೆಕ್ಕದ ವಿಭಾಗದಲ್ಲಿ ಮೂವತ್ತೆರಡು ವರ್ಷ ಬಿಲ್ಲು ನೋಡಿ ರಿಟೈರ್ ಆದವರು. ಆ ವಾರ ನಮ್ಮ ಮನೆಯಲ್ಲೇ ಇದ್ದರು, ಪಕ್ಕದ ರೂಮಿನಲ್ಲಿ. ರಾತ್ರಿ ಊಟ ಬಿಟ್ಟಿದ್ದೀನಿ ಅಂತ ದೋಸೆ ಬೇಡ ಎಂದಿದ್ದರು. ಹತ್ತೇ ನಿಮಿಷದಲ್ಲಿ ಕನ್ನಡಕ ಏರಿಸಿಕೊಂಡು, ಹಳೇ ಕ್ಯಾಲೆಂಡರಿನ ಒಂದು ಹಾಳೆ ಹಿಡಿದುಕೊಂಡು ಹಾಲಿಗೆ ಬಂದರು.

“ಇದನ್ನ ಯಾರೋ ಪಾಸ್ ಮಾಡಿದ್ದು?” ಅಂದರು.

“ನಾನೇ ಮಾವ.”

“ಕೂತ್ಕೋ.”

ಬಿಲ್ಲು ಹೀಗಿತ್ತು. ದೋಸೆ 110ರಂತೆ ಎರಡು, 220. ಕೇಸರಿಬಾತ್ ಒಂದು, 55. ಒಟ್ಟು 275. ಕೂಪನ್ ಕಳೆದು ಮೈನಸ್ 80. ಪ್ಯಾಕೇಜಿಂಗ್ ಚಾರ್ಜ್ 40. ಡೆಲಿವರಿ ಫೀ 52 ಅಂತ ಬರೆದು, ಅದನ್ನು ಹೊಡೆದುಹಾಕಿ ಪಕ್ಕದಲ್ಲಿ 38. ಪ್ಲಾಟ್‌ಫಾರ್ಮ್ ಫೀ 15. ಜಿಎಸ್‌ಟಿ 21 ರೂಪಾಯಿ 29 ಪೈಸೆ. ಕಟ್ಟಬೇಕಾದ್ದು 309.

ಮಾವ ಎಲ್ಲರ ಹಾಗೆ ಕೆಳಗಿನ ಮೊತ್ತ ನೋಡಲಿಲ್ಲ. ಮೇಲಿಂದ ಹೊರಟರು. “ನೀವು ತಿನ್ನಬೇಕು ಅಂದ್ಕೊಂಡಿದ್ದು ಎರಡು ದೋಸೆ. ಕೇಸರಿಬಾತ್ ಯಾರಿಗೆ?”

ಯಾರಿಗೂ ಅಲ್ಲ. ಎರಡು ದೋಸೆಗೆ 220 ಆಗಿತ್ತು, ಕೂಪನ್ ಹತ್ತಬೇಕು ಅಂದ್ರೆ 249 ದಾಟಬೇಕು. ಆಪು ‘ಇನ್ನು 29 ರೂಪಾಯಿಗೆ ಏನಾದರೂ ಸೇರಿಸಿ’ ಅಂತ ಕಂಡಕ್ಟರ್ ‘ಮುಂದೆ ಹೋಗಿ, ಮುಂದೆ ಹೋಗಿ’ ಅನ್ನುವ ಹಾಗೆ ಒತ್ತುತ್ತಿತ್ತು. 29 ರೂಪಾಯಿಗೆ ಆ ಮೆನುವಿನಲ್ಲಿ ಏನೂ ಸಿಗೋದಿಲ್ಲ. ಅದು ಆಕಸ್ಮಿಕ ಅಂತ ನಾನು ಆಗ ನಂಬಿದ್ದೆ. ಸಿಕ್ಕಿದ್ದರಲ್ಲಿ ಕಡಿಮೆಯದ್ದು ಕೇಸರಿಬಾತ್. ಅದು ಈಗಲೂ ಫ್ರಿಜ್ಜಿನಲ್ಲಿದೆ, ಕಲ್ಲಾಗಿದೆ.

“ಕೂಪನ್ ಎಷ್ಟು ಪರ್ಸೆಂಟು?”

“ನಲವತ್ತು.”

“275ಕ್ಕೆ ನಲವತ್ತು ಪರ್ಸೆಂಟ್ ಅಂದ್ರೆ 110. ಇಲ್ಲಿ 80 ಇದೆಯಲ್ಲೋ?”

‘80 ರೂಪಾಯಿವರೆಗೆ’ ಅಂತ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತೆ ಮಾವ, ಅಂದೆ. ನಲವತ್ತು ಅನ್ನೋದು ಹೆಬ್ಬೆರಳಿನಷ್ಟು ದೊಡ್ಡ ಅಕ್ಷರ, ಎಂಬತ್ತು ಅನ್ನೋದು ಇರುವೆ. ಲೆಕ್ಕ ಹಾಕಿದರೆ ಅದು ಇಪ್ಪತ್ತೊಂಬತ್ತು ಪರ್ಸೆಂಟ್ ಚಿಲ್ಲರೆ. ಮಾವ ಹಾಳೆಯ ಮೇಲೆ 40 ಬರೆದು, ಹೊಡೆದುಹಾಕಿ, 29 ಬರೆದರು. ಡೆಲಿವರಿ ಫೀ ಹೊಡೆದುಹಾಕಿದ್ದನ್ನು ನೋಡಿ ಆ ಶೈಲಿ ಅವರಿಗೆ ಇಷ್ಟವಾಗಿತ್ತು ಅನ್ಸುತ್ತೆ.

ಆಮೇಲೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. “ಹೋಟೆಲಿನ ಬೋರ್ಡಿನಲ್ಲಿ ದೋಸೆಗೆ ಎಷ್ಟಿದೆ?”

ಗೂಗಲ್‌ನಲ್ಲಿ ಯಾರೋ ಹೋದ ವಾರ ಹಾಕಿದ್ದ ಬೋರ್ಡಿನ ಫೋಟೋ ಸಿಕ್ಕಿತು. ದೋಸೆ 80, ಕೇಸರಿಬಾತ್ 40. ಅಂದ್ರೆ ಆಪಿನಲ್ಲಿ ದೋಸೆಗೆ ಮೂವತ್ತು ಮೂವತ್ತು ಜಾಸ್ತಿ, ಕೇಸರಿಬಾತಿಗೆ ಹದಿನೈದು. ಒಟ್ಟು 75. ಮೊದಲು 75 ಏರಿಸಿ, ಆಮೇಲೆ 80 ಇಳಿಸಿದ್ದಾರೆ. ನನ್ನ ಎಡಜೇಬಿನಿಂದ ತೆಗೆದು ಬಲಜೇಬಿಗೆ ಹಾಕಿ, ಹಾಕುವಾಗ ಪಟಾಕಿ ಹೊಡೆದಿದ್ದಾರೆ. ಬಿಲ್ಲಿನಲ್ಲಿ ಎಷ್ಟು ಹುಡುಕಿದರೂ ಈ 75ಕ್ಕೆ ಒಂದು ಸಾಲಿಲ್ಲ. 29 ಪೈಸೆಗೆ ಜಾಗ ಇದೆ, 75 ರೂಪಾಯಿಗೆ ಇಲ್ಲ.

ಹೋಟೆಲಿನವರನ್ನು ಬೈಯೋಣ ಅಂದ್ರೆ ಅವರ ಕಥೆ ಬೇರೆಯೇ ಇದೆ. ಅಲ್ಲಿ ಕ್ಯಾಶ್‌ನಲ್ಲಿ ಕೂರುವ ಯಜಮಾನರು ನನಗೆ ಪರಿಚಯ. ಹಿಂದೊಮ್ಮೆ ಕೇಳಿದ್ದಕ್ಕೆ, “ಸಾರ್, ಆಪಿನವರು ನೂರಕ್ಕೆ ಇಪ್ಪತ್ತೈದು ಕಮಿಷನ್ ಹಿಡೀತಾರೆ. ಆ ಕಮಿಷನ್ ಮೇಲೆ ನಾವು ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಕಟ್ಬೇಕು. ಕೂಪನ್ ಕೊಟ್ರಲ್ಲ, ಅದರಲ್ಲೂ ಅರ್ಧ ನಮ್ಮ ತಲೆಗೇ. 80 ರೂಪಾಯಿಗೇ ಹಾಕಿದ್ರೆ ದೋಸೆ ಹುಯ್ಯೋ ಭಟ್ಟರಿಗೆ ಏನು ಕೊಡ್ಲಿ?” ಅಂದಿದ್ದರು. ಕಮಿಷನ್ ಮೇಲೆ ಕಟ್ಟಿದ ತೆರಿಗೆಯನ್ನು ವಾಪಸ್ ಹೊಂದಿಸಿಕೊಳ್ಳೋಕೂ ಅವರಿಗೆ ಬರೋದಿಲ್ಲ, ಯಾಕಂದ್ರೆ ಊಟಕ್ಕೆ ಐದು ಪರ್ಸೆಂಟ್ ಜಿಎಸ್‌ಟಿ ಹಾಕುವ ಹೋಟೆಲಿಗೆ ಆ ಸೌಲಭ್ಯ ಇಲ್ಲ. ಹಾಗಾಗಿ ಅದೂ ದೋಸೆಯೊಳಗೇ ಸೇರುತ್ತೆ, ಆಲೂಗಡ್ಡೆ ಪಲ್ಯದ ಕೆಳಗೆ, ಕೆಂಪು ಚಟ್ನಿಯ ಜೊತೆ.

ಪ್ಯಾಕೇಜಿಂಗ್ ಸಾಲಿಗೆ ಬಂದಾಗ ಮಾವ ಎದ್ದು ಅಡುಗೆಮನೆಗೆ ಹೋದರು. ಕಸದ ಬುಟ್ಟಿಯಿಂದ ಸಾಕ್ಷ್ಯ ತಂದು ಟೇಬಲ್ ಮೇಲೆ ಪೇಪರ್ ಹಾಸಿ ಇಟ್ಟರು. ದೋಸೆಗೆ 15ರಂತೆ 30, ಕೇಸರಿಬಾತಿಗೆ 10, ಹೀಗೆ 40 ಆಗಿತ್ತು. ಆದ್ರೆ ಎರಡು ದೋಸೆಗೂ ಇದ್ದದ್ದು ಒಂದೇ ಡಬ್ಬಿ! ಒಂದರ ಮೇಲೊಂದು, ಮಧ್ಯೆ ಒಂದು ಬೆಣ್ಣೆ ಕಾಗದ. ಗರಿಗರಿ ದೋಸೆ ಮುಚ್ಚಳದೊಳಗೆ ಬೆವರಿ ಬೆವರಿ, ನಮ್ಮ ಕೈಗೆ ಬರುವಷ್ಟರಲ್ಲಿ ಒದ್ದೆ ಟವೆಲ್ ಆಗಿತ್ತು. ಚಟ್ನಿ ಮಾತ್ರ ತೆಳ್ಳಗಿನ ಪ್ಲಾಸ್ಟಿಕ್ ಕವರಿನಲ್ಲಿ, ಬಾಯಿಗೆ ದಾರ ಸುತ್ತಿ. ಆ ಗಂಟನ್ನು ಇವತ್ತಿನವರೆಗೂ ಯಾರೂ ಬಿಚ್ಚಿಲ್ಲ, ಹಲ್ಲಲ್ಲಿ ಕಚ್ಚಿ ಅಂಗಿ ಮೇಲೆ ಒಂದಿಷ್ಟು ಚೆಲ್ಲಿಕೊಳ್ಳುವುದೇ ಪದ್ಧತಿ. ಚಾರ್ಜು ಬೀಳುವುದು ಡಬ್ಬಿಗಲ್ಲ, ಐಟಂಗೆ. ಹತ್ತು ಇಡ್ಲಿಯನ್ನು ಒಂದೇ ಡಬ್ಬಿಗೆ ತುರುಕಿದರೂ ಮೆನುವಿನಲ್ಲಿ ಐದು ಪ್ಲೇಟ್ ಅಂತ ಇದ್ದರೆ ಐದು ಸಲ ಬೀಳಬಹುದು. ಇದನ್ನು ನಿಗದಿ ಮಾಡುವವರು ಹೋಟೆಲಿನವರು. ಊಟದ ಜೊತೆ ಸೇರಿಸಿ ಇದಕ್ಕೂ ಐದು ಪರ್ಸೆಂಟ್ ತೆರಿಗೆ. ಕೂಪನ್ ಮಾತ್ರ ಇದರ ಹತ್ತಿರ ಸುಳಿಯೋದಿಲ್ಲ. ರಿಯಾಯಿತಿ ದೋಸೆಗೆ ಮಾತ್ರ, ಡಬ್ಬಿಗೆ ಯಾವತ್ತೂ ಪೂರ್ತಿ ಬೆಲೆ.

“ಸರಿ, ಡೆಲಿವರಿ ಫೀ ಅರ್ಥ ಆಗುತ್ತೆ,” ಅಂದರು ಮಾವ. “ಆ ಹುಡುಗ ಮಳೇಲಿ ನೆನ್ಕೊಂಡು ಬಂದ. ಆದ್ರೆ ಈ 52 ಯಾರು ಕೇಳಿದ್ದು?”

ಯಾರೂ ಕೇಳಿರಲಿಲ್ಲ. ಕೇಳದೇ ಇದ್ದ ಹದಿನಾಲ್ಕು ರೂಪಾಯಿ ಬಿಟ್ಟಿದ್ದಕ್ಕೆ ಅದೂ ನನ್ನ ಉಳಿತಾಯ. 80ಕ್ಕೆ 14 ಸೇರಿ 94. ಈ ಲೆಕ್ಕದಲ್ಲಿ ನಾನು ದಿನಾ ಕಾರು ಕೊಳ್ಳದೇ ಹತ್ತು ಲಕ್ಷ ಉಳಿಸುತ್ತಿದ್ದೇನೆ.

ಈ ಸಾಲಿಗೆ ತೆರಿಗೆ ಅಂಟಿಕೊಂಡಿದ್ದು ಈಚೆಗೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳನ್ನು ಬದಲಿಸಿದರಲ್ಲ, ಅವತ್ತು ಬೆಣ್ಣೆಯ ತೆರಿಗೆ 12ರಿಂದ 5ಕ್ಕೆ ಇಳಿಯಿತು. ಅದೇ ದಿನದಿಂದ ಆಪ್ ಮೂಲಕ ಆಗುವ ಡೆಲಿವರಿಗೆ 18 ಪರ್ಸೆಂಟ್ ಕಟ್ಟುವ ಹೊಣೆ ಆಪಿನವರ ಮೇಲೆ ಬಿತ್ತು. ಆಪಿನವರ ಮೇಲೆ ಬಿದ್ದದ್ದು ಎಷ್ಟು ಹೊತ್ತು ಅವರ ಮೇಲೇ ಇರುತ್ತೆ, ಹೇಳಿ? ಹೀಗೆ ಬೆಣ್ಣೆ ಅಗ್ಗ ಆಯಿತು, ಬೆಣ್ಣೆ ಮಸಾಲೆ ಹೊತ್ತು ತರುವ ಬೈಕು ತುಟ್ಟಿ ಆಯಿತು.

ಮಾವ ಪೂರ್ತಿ ನಿಂತುಬಿಟ್ಟಿದ್ದು ಪ್ಲಾಟ್‌ಫಾರ್ಮ್ ಫೀ ಹತ್ತಿರ.

“ಇದೇನಿದು?”

“ಆಪ್ ನಡೆಸೋಕೆ ಖರ್ಚಾಗುತ್ತಲ್ಲ ಮಾವ, ಅದಕ್ಕೆ.”

“ಕಮಿಷನ್ ತಗೊಂಡಿದ್ದು ಯಾತಕ್ಕೆ?”

“ಅದೂ ಆಪ್ ನಡೆಸೋಕೇ.”

2023ರಲ್ಲಿ ಇದು ಶುರುವಾದಾಗ ಬರೀ ಎರಡು ರೂಪಾಯಿ. ಎರಡು ರೂಪಾಯಿಗೆ ಯಾರು ಜಗಳ ಆಡ್ತಾರೆ, ಚಿಲ್ಲರೆ ಇಲ್ಲ ಅಂತ ಅಂಗಡಿಯವನು ಚಾಕಲೇಟ್ ಕೊಟ್ಟರೂ ಸುಮ್ನೆ ಬರ್ತೀವಿ. ಅದು ಐದಾಯಿತು, ಹಬ್ಬದ ಸೀಸನ್ನಿನಲ್ಲಿ ಹತ್ತಾಯಿತು, ಹಬ್ಬ ಮುಗಿದು ತೋರಣ ಒಣಗಿದರೂ ಹತ್ತು ಇಳಿಯಲಿಲ್ಲ. ದೂರ ಹತ್ತಿರ ಅನ್ನೋ ಲೆಕ್ಕ ಇದಕ್ಕಿಲ್ಲ. ಒಂದು ಪ್ಲೇಟ್ ಇಡ್ಲಿಗೂ ಅಷ್ಟೇ, ಎರಡು ಸಾವಿರದ ಬಿರಿಯಾನಿಗೂ ಅಷ್ಟೇ. ಡೆಲಿವರಿ ಫ್ರೀ ಅಂತ ಮೆಂಬರ್‌ಶಿಪ್ ತಗೊಂಡವರೂ ಸಾಮಾನ್ಯವಾಗಿ ಇದನ್ನು ಕಟ್ಟಲೇಬೇಕು.

“ನಮ್ಮ ಕರೆಂಟ್ ಬಿಲ್ಲಲ್ಲೂ ಫಿಕ್ಸೆಡ್ ಚಾರ್ಜ್ ಇತ್ತು ಕಣೋ,” ಅಂದರು ಮಾವ, ಸ್ವಲ್ಪ ನೊಂದವರ ಹಾಗೆ. “ಜನ ಬೈತಿದ್ರು. ಆದ್ರೆ ಕೈ ಎತ್ತಿ ತೋರ್ಸೋಕೆ ಒಂದು ಕಂಬ ಇತ್ತು. ಅರಸೀಕೆರೆ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ಹತ್ತು ರೂಪಾಯಿ. ಎರಡು ಗಂಟೆ ಕೂರಬಹುದು, ಬೆಂಚಿದೆ, ಫ್ಯಾನಿದೆ, ವಡೆ ಮಾರೋನು ಬರ್ತಾನೆ.”

ಅದಕ್ಕೆ ಜಿಎಸ್‌ಟಿಯೂ ಇಲ್ಲ ಮಾವ, 2024ರಲ್ಲೇ ತೆಗೆದರು, ಅಂದೆ. ನಿಲ್ಲೋಕೆ ಜಾಗ ಇರುವ ಪ್ಲಾಟ್‌ಫಾರ್ಮಿಗೆ ತೆರಿಗೆ ಸೊನ್ನೆ, ಕಣ್ಣಿಗೇ ಕಾಣದ ಪ್ಲಾಟ್‌ಫಾರ್ಮಿಗೆ 18 ಪರ್ಸೆಂಟ್. ಹೇಳಬಾರದಿತ್ತು. ಅವರಿಗೆ ಬಿಪಿ ಇದೆ.

ಮೋಸ ಅನ್ನೋಣ ಅಂದ್ರೆ ಅದೂ ಆಗಲ್ಲ. ದುಡ್ಡು ಕಟ್ಟುವ ಮುಂಚೆಯೇ ಎಲ್ಲ ಸಾಲೂ ಅಲ್ಲಿದ್ದವು, ಒಂದು ಪುಟ್ಟ ಬಾಣದ ಗುರುತು ಒತ್ತಿದ್ದರೆ ಕಾಣುತ್ತಿದ್ದವು. ಇಲ್ಲದೇ ಇದ್ದದ್ದು ಮೆನು ನೋಡಿ ಬಾಯಲ್ಲಿ ನೀರು ಸುರಿಯುವ ಹೊತ್ತಿನಲ್ಲಿ. ಹೀಗೆ ಬೆಲೆಯನ್ನು ತೊಟ್ಟು ತೊಟ್ಟಾಗಿ ಬಿಡೋದಕ್ಕೆ ಡ್ರಿಪ್ ಪ್ರೈಸಿಂಗ್ ಅಂತ ಹೆಸರಿದೆ. 2023ರ ನವೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ವ್ಯಾಪಾರದ ಹದಿಮೂರು ಕಿತಾಪತಿಗಳ ಪಟ್ಟಿ ಮಾಡಿ ಇವು ಕೂಡದು ಅಂದಾಗ ಅದರಲ್ಲಿ ಇದೂ ಇತ್ತು. ನಮ್ಮ ಕಡೆ ಡ್ರಿಪ್ ಅಂದ್ರೆ ಅಡಿಕೆ ತೋಟಕ್ಕೆ ಹಾಕಿಸೋದು. ಅಲ್ಲಿ ಬುಡಕ್ಕೆ ಬೀಳುತ್ತೆ, ಇಲ್ಲಿ ಬುಡದಿಂದ ಹೀರುತ್ತೆ.

ಮಾವ ಹಾಳೆ ಮಡಚುವ ಮುಂಚೆ ಕೊನೆಯ ಸಾಲು ಬರೆದರು. ಬೇಕಾಗಿದ್ದು 160 ರೂಪಾಯಿಯ ದೋಸೆ. ಕಟ್ಟಿದ್ದು 309. ಉಳಿತಾಯ 94.

ಮಾರನೇ ದಿನ ಬೆಳಿಗ್ಗೆ ಎದ್ದರೆ ಮಾವ ಇಲ್ಲ, ಸ್ಟೀಲ್ ಡಬ್ಬಿಯೂ ಇಲ್ಲ. ಎಂಟೂವರೆಗೆ ಬಂದರು, ಕೈಯಲ್ಲಿ ಡಬ್ಬಿ, ಬಿಸಿ ದೋಸೆ ಎರಡು, ಮುಖದಲ್ಲಿ ಗೆದ್ದ ಕಳೆ. ತಿಂದಾದ ಮೇಲೆ ಅದೇ ಕ್ಯಾಲೆಂಡರ್ ಹಾಳೆಯ ಇನ್ನೊಂದು ತುಂಡು ಟೇಬಲ್ ಮೇಲೆ ಸರಿಸಿದರು. ದೋಸೆ 160. ಪಾರ್ಸೆಲ್ ಚಾರ್ಜ್ 10.

“ಡಬ್ಬಿ ನಮ್ಮದೇ ಅಲ್ವಾ ಮಾವ?”

“ನಾನೂ ಅದೇ ಕೇಳ್ದೆ. ಪಾರ್ಸೆಲ್ ಅಂದ್ರೆ ಪಾರ್ಸೆಲ್ಲೇ ಸಾರ್ ಅಂದ.”

ಅದರ ಕೆಳಗೆ ಆಟೋ 60. ಬರುವಾಗ ಮತ್ತೆ ಮಳೆ ಹಿಡಿದಿತ್ತಂತೆ, ಮೀಟರ್ 36 ತೋರಿಸಿತಂತೆ, ಆಟೋದವನು ಮೀಟರ್ ನೋಡಲಿಲ್ಲವಂತೆ. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಇನ್ನೊಂದು ಸಾಲು, ಮಾವನ ಫೀ 15. ಒಟ್ಟು 245.

“ಜಿಎಸ್‌ಟಿ ಹಾಕಿಲ್ಲ,” ಅಂದರು. “ಮನೆಯವನು ಅಂತ.”