ವಾರಂಟಿ ಇಲ್ಲ ಅಂದ್ಬಿಟ್ರೆ ಹೇಳಿದ ಮಾತಿಗೂ ಜವಾಬ್ದಾರಿ ಇಲ್ವಾ?

ಸ್ನೇಹಿತನೊಬ್ಬ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಂಡು ಮಾರಿದವನ ಜೊತೆ ಜಗಳ ಆಡ್ತಿದಾನೆ. ಅವನ ತಕರಾರು ಎರಡು. ಲೆನ್ಸ್ ಒಳಗೆ ಫಂಗಸ್ ಇದೆ, ಮತ್ತೆ ಜಾಹೀರಾತಲ್ಲಿ ಶಟರ್ ಕೌಂಟ್, ಅಂದ್ರೆ ಕ್ಯಾಮೆರಾ ಇದುವರೆಗೆ ಎಷ್ಟು ಸಲ ಕ್ಲಿಕ್ ಆಗಿದೆ ಅನ್ನೋ ಲೆಕ್ಕ, 12 ಸಾವಿರ ಅಂತ ಹಾಕಿದ್ರು, ಚೆಕ್ ಮಾಡಿಸಿದ್ರೆ 90 ಸಾವಿರ ದಾಟಿದೆ. ಎರಡಕ್ಕೂ ಮಾರಿದವನದು ಒಂದೇ ಉತ್ತರ: "ಇದ್ದ ಹಾಗೇ ಕೊಟ್ಟಿದೀನಿ, ವಾರಂಟಿ ಇಲ್ಲ ಅಂತ ಮೊದಲೇ ಹೇಳಿದ್ದೆ, ಕೇವಿಯಟ್ ಎಂಪ್ಟರ್, ನೋಡ್ಕೊಂಡು ತಗೋಬೇಕಿದ್ದು ನೀವು."

ಫಂಗಸ್ ವಿಷಯದಲ್ಲಿ ಅವನು ಹೇಳೋದು ಬಹುಮಟ್ಟಿಗೆ ಸರಿ, ಬೇಜಾರಾದ್ರೂ ಒಪ್ಕೋಬೇಕು. ಅಂಗಡಿಯವರಲ್ಲ, ಒಬ್ಬ ಸಾಮಾನ್ಯ ಮನುಷ್ಯ ತನ್ನ ಹಳೇ ವಸ್ತು ಮಾರುವಾಗ ಅದರ ಗುಣಮಟ್ಟಕ್ಕೆ ಅವನು ಹೊಣೆ ಅಲ್ಲ ಅನ್ನೋದೇ ಈ ಕೇವಿಯಟ್ ಎಂಪ್ಟರ್ ನಿಯಮ. ಲೆನ್ಸಿಗೆ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದ್ರೆ ಜೇಡರ ಬಲೆ ತರ ಎಳೆಗಳು ಕಾಣ್ತವೆ, ಇವನು ನೋಡಲಿಲ್ಲ, ಕೇಳಲೂ ಇಲ್ಲ, ಅವನು ಸುಮ್ಮನಿದ್ದ. ಕೇಳಿದ್ದಾಗ "ಲೆನ್ಸ್ ಕ್ಲೀನ್ ಇದೆ" ಅಂದಿದ್ರೆ, ಇಲ್ಲಾ ಕಾಣದ ಹಾಗೆ ಏನಾದ್ರೂ ಮಾಡಿ ಮುಚ್ಚಿಟ್ಟಿದ್ರೆ ಕಥೆನೇ ಬೇರೆ ಆಗ್ತಿತ್ತು.

ಆದ್ರೆ ಶಟರ್ ಕೌಂಟ್ ಹಾಗಲ್ಲ, ನನಗೆ ಸಿಟ್ಟು ಬರೋದೇ ಇಲ್ಲಿ. ಅದು ಮಾರಿದವನೇ ಬಾಯಿಬಿಟ್ಟು ಹೇಳಿದ ವಿಷಯ. 1967ರಲ್ಲಿ ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ ಮುಂದೆ ಬೀಲ್ ವರ್ಸಸ್ ಟೇಲರ್ ಅಂತ ಒಂದು ಕೇಸ್ ಬಂದಿತ್ತು. ಹೆರಾಲ್ಡ್ ಕಾರು, 1961ರ ಮಾಡೆಲ್ ಅಂತ ಜಾಹೀರಾತು ನೋಡಿ ಒಬ್ಬರು ಹೋಗಿ, ಕಾರನ್ನ ಕಣ್ಣಾರೆ ನೋಡಿನೇ ತಗೊಂಡ್ರು. ಆಮೇಲೆ ಗೊತ್ತಾಯ್ತು ಅದು ಎರಡು ಕಾರಿನ ಅರ್ಧರ್ಧ ಸೇರಿಸಿ ವೆಲ್ಡ್ ಮಾಡಿದ್ದು ಅಂತ, ಹಿಂದಿನ ಅರ್ಧ ಮಾತ್ರ 1961ರದ್ದು, ಮುಂದಿನದು ಇನ್ನೂ ಹಳೇದು. ಮಾರಿದವರೂ ವ್ಯಾಪಾರಿ ಅಲ್ಲ, ಪಾಪ ಅವರಿಗೂ ಇದು ಗೊತ್ತಿರಲಿಲ್ಲ. ಆದ್ರೂ ಕೋರ್ಟ್ ಕೊಂಡವರ ಪರ ನಿಂತಿತು, ಯಾಕಂದ್ರೆ ವಸ್ತು ಅದರ ವರ್ಣನೆಗೆ ಹೊಂದಬೇಕು, ಬರೀ ನೋಡಿ ತಗೊಂಡ ಮಾತ್ರಕ್ಕೆ ಆ ಹಕ್ಕು ಹೋಗಲ್ಲ. ಮೋಸ ಮಾಡೋ ಉದ್ದೇಶ ಇತ್ತು ಅಂತ ಸಾಬೀತು ಮಾಡೋ ಅಗತ್ಯನೂ ಬೀಳಲಿಲ್ಲ.

ಒಂದೊಂದು ದೇಶದ ಕಾನೂನು ಒಂದೊಂದು ತರ ಇರುತ್ತೆ, ವ್ಯಾಪಾರಿ ಮಾರಿದ್ರೆ ಎಷ್ಟೋ ಕಡೆ ನಿಯಮ ಇನ್ನೂ ಬಿಗಿ. ಆದ್ರೆ "ವಾರಂಟಿ ಇಲ್ಲ" ಅಂದ್ರೆ ನಾಳೆ ಕೆಟ್ಟರೆ ರಿಪೇರಿ ಮಾಡಿಕೊಡಲ್ಲ ಅಂತಷ್ಟೇ ತಾನೇ, ನಾನು ಬರೆದ ನಂಬರನ್ನೂ ನಂಬಬೇಡಿ ಅಂತ ಅಲ್ವಲ್ಲ!

ಸ್ನೇಹಿತನಿಗೆ ನಾನು ಹೇಳಿದ್ದು ಇಷ್ಟೇ, ಫಂಗಸ್ ಬಿಟ್ಟುಬಿಡು, ಎರಡನ್ನೂ ಕಲಸಿ ಕೂಗಾಡಿದ್ರೆ ಗಟ್ಟಿ ಇರೋದೂ ಸಡಿಲ ಆಗುತ್ತೆ. ಅವನು ಜಾಹೀರಾತು ಡಿಲೀಟ್ ಮಾಡೋ ಮುಂಚೆ ಸ್ಕ್ರೀನ್‌ಶಾಟ್ ತಗೋ, ಶಟರ್ ಕೌಂಟ್ ರಿಪೋರ್ಟ್ ಬರವಣಿಗೆಯಲ್ಲಿ ಇಸ್ಕೋ, 12 ಸಾವಿರ ಓಡಿದ ಕ್ಯಾಮೆರಾಗೂ 90 ಸಾವಿರ ಓಡಿದ್ದಕ್ಕೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಇದೆಯೋ ಅಷ್ಟನ್ನ ಮಾತ್ರ ಕೇಳು.